ಗೆದ್ದ ಫೋಟೋ, ತಿರುಗಿ ಬಂದ ಸೀರೆ

ಅಕ್ಕನನ್ನು ಇಳಕಲ್ಲಿಗೆ ಕೊಟ್ಟಿದೆ. ಭಾವನ ಮನೆಯಲ್ಲಿ ನಾಲ್ಕು ಮಗ್ಗಗಳಿವೆ. ಮೂರು ವರ್ಷದಿಂದ ಅವರು ಒಂದು ಆನ್‌ಲೈನ್ ಮಾರುಕಟ್ಟೆಯಲ್ಲೂ ಸೀರೆ ಮಾರುತ್ತಿದ್ದಾರೆ. ಕಳೆದ ದೀಪಾವಳಿ ಮುಗಿದ ಮೇಲೆ ಒಂದು ಸಂಜೆ ಅಕ್ಕನ ಫೋನ್ ಬಂತು. ನಾನು ಆಗ ಹಿಂಜವಡಿಯ ಟ್ರಾಫಿಕ್‌ನಲ್ಲಿ ಸಿಕ್ಕಿಕೊಂಡಿದ್ದೆ.

"ತಮ್ಮಾ, ನಮ್ಮ ಸೀರಿ ಫೋಟೋ ಭಾಳ ಸಪ್ಪಗ ಕಾಣ್ತಾವು. ಉಳಿದವ್ರೆಲ್ಲಾ ಕಂಪ್ಯೂಟರ್‌ನ್ಯಾಗ ಫೋಟೋ ಮಾಡಿಸಾಕತ್ತಾರ. ನೀ ಅದ ಕೆಲಸದಾಗ ಇದ್ದೀಯಲ್ಲ, ನಮಗೂ ಒಂದ್ ಮಾಡಿ ಕೊಡು."

ನಾನು ಇರುವ ಕೆಲಸ ಅದಲ್ಲ. ಆದರೆ ಅಕ್ಕನಿಗೆ ಹಾಗೆ ಹೇಳಲು ಬರುವುದಿಲ್ಲ. ನಮ್ಮ ಆಫೀಸಿನಲ್ಲಿ ಎ/ಬಿ ಟೆಸ್ಟ್ ದಿನನಿತ್ಯದ ಮಾತು. ಒಂದು ಪುಟದ ಎರಡು ರೂಪ ಮಾಡುತ್ತೇವೆ, ಬಂದವರಲ್ಲಿ ಅರ್ಧ ಜನಕ್ಕೆ ಎ, ಅರ್ಧ ಜನಕ್ಕೆ ಬಿ ತೋರಿಸುತ್ತೇವೆ, ಯಾವುದು ಗೆದ್ದಿತೋ ಅದನ್ನು ಇಟ್ಟುಕೊಳ್ಳುತ್ತೇವೆ. ಅಕ್ಕನ ಸೀರೆಗೂ ಹಾಗೇ ಮಾಡೋಣ ಎಂದುಕೊಂಡೆ. ಎರಡು ಬಗೆಯ ಪ್ರಾಂಪ್ಟ್ ಬರೆಯುವುದು, ಚಿತ್ರ ಮಾಡಿಸುವುದು, ಯಾವುದಕ್ಕೆ ಹೆಚ್ಚು ಜನ ಕ್ಲಿಕ್ ಮಾಡುತ್ತಾರೆ ನೋಡುವುದು. ಒಂದು ಭಾನುವಾರದ ಕೆಲಸ ಅಂದುಕೊಂಡಿದ್ದು ಮೂರು ತಿಂಗಳು ಹಿಡಿಯಿತು.

ಮೊದಲ ತೊಡಕು ಜನರನ್ನು ಹಂಚುವುದರಲ್ಲೇ ಬಂತು. ಚಿಕ್ಕ ಮಾರಾಟಗಾರರಿಗೆ ಆ ಮಾರುಕಟ್ಟೆಯಲ್ಲಿ ಅರ್ಧ ಜನಕ್ಕೆ ಒಂದು ಫೋಟೋ, ಇನ್ನರ್ಧಕ್ಕೆ ಇನ್ನೊಂದು ತೋರಿಸುವ ಸೌಲಭ್ಯ ಇರಲಿಲ್ಲ. ಒಂದೇ ಸೀರೆಗೆ ಎರಡು ಲಿಸ್ಟಿಂಗ್ ಮಾಡಬಹುದಿತ್ತು, ಆದರೆ ಅದು ಅವರ ನಿಯಮಕ್ಕೆ ವಿರುದ್ಧ. ಅಲ್ಲದೆ ಹಳೆಯ ಲಿಸ್ಟಿಂಗಿಗೆ ರಿವ್ಯೂಗಳಿರುತ್ತವೆ, ಹೊಸದಕ್ಕೆ ಇರುವುದಿಲ್ಲ. ಆಗ ನಾವು ಅಳೆಯುವುದು ಫೋಟೋವನ್ನಲ್ಲ, ರಿವ್ಯೂಗಳನ್ನು. ಉಳಿದದ್ದು ಒಂದೇ ದಾರಿ: ಜನರನ್ನು ಹಂಚುವ ಬದಲು ದಿನಗಳನ್ನು ಹಂಚುವುದು.

ಒಂದು ದಿನ ಎ, ಮರುದಿನ ಬಿ ಎಂದು ಸುಮ್ಮನೆ ಸರದಿ ಹಾಕಿದರೆ ಸಾಲದು. ಭಾನುವಾರ ಸೀರೆ ನೋಡುವವರೇ ಬೇರೆ, ಮಂಗಳವಾರ ನೋಡುವವರೇ ಬೇರೆ. ಹಾಗಾಗಿ ಮೊದಲ ವಾರ ಪ್ರತಿ ದಿನಕ್ಕೂ ನಾಣ್ಯ ಚಿಮ್ಮಿ ಎ ಅಥವಾ ಬಿ ಬರೆದುಕೊಂಡೆ. ಎರಡನೇ ವಾರ ಅದನ್ನೇ ತಿರುವುಮುರುವು ಮಾಡಿದೆ. ಮೂರನೆಯ ಮತ್ತು ನಾಲ್ಕನೆಯ ವಾರಕ್ಕೂ ಹೀಗೇ ಮಾಡಿದ್ದರಿಂದ ಪ್ರತಿ ವಾರದ ದಿನವೂ ಎ ಮತ್ತು ಬಿಗೆ ಎರಡೆರಡು ಬಾರಿ ಸಿಕ್ಕಿತು. ಫೋಟೋ ಬದಲಿಸುವ ಕೆಲಸ ಅಕ್ಕನ ಮಗಳದು, ರಾತ್ರಿ ಹನ್ನೆರಡರ ಹೊತ್ತಿಗೆ. ಹೊಸ ಫೋಟೋ ಎಲ್ಲರಿಗೂ ಕಾಣಲು ಒಂದೆರಡು ತಾಸು ಬೇಕಾಗುತ್ತಿತ್ತು. ಆ ಹೊತ್ತಿನಲ್ಲಿ ಸೀರೆ ನೋಡುವವರು ಕಡಿಮೆ, ಆದ್ದರಿಂದ ಲೆಕ್ಕ ಅಷ್ಟಾಗಿ ಕೆಡುತ್ತಿರಲಿಲ್ಲ.

ನಿಜವಾದ ಪರೀಕ್ಷೆಗೆ ಮುಂಚೆ ಒಂದು ಪೊಳ್ಳು ಪರೀಕ್ಷೆ ಮಾಡಿದೆ. ಎರಡು ವಾರ ಅದೇ ಹಳೆಯ ಫೋಟೋ ಇಟ್ಟು, ಕಾಗದದ ಮೇಲೆ ಮಾತ್ರ ದಿನಗಳನ್ನು 'ಒಂದು' ಮತ್ತು 'ಎರಡು' ಎಂದು ಹಂಚಿದೆ. ಎರಡೂ ಕಡೆ ಸುಮಾರು 6,000 ಸಲ ಫೋಟೋ ಜನರ ಕಣ್ಣಿಗೆ ಬಿತ್ತು. 'ಒಂದು' ದಿನಗಳಲ್ಲಿ 71 ಕ್ಲಿಕ್, 'ಎರಡು' ದಿನಗಳಲ್ಲಿ 92. ಫೋಟೋ ಒಂದೇ, ಆದರೂ ಒಂದು ಇನ್ನೊಂದಕ್ಕಿಂತ ಸುಮಾರು ಶೇ 30ರಷ್ಟು ಮುಂದೆ! ಬರೀ ಅದೃಷ್ಟವೇ ಇಷ್ಟು ದೊಡ್ಡ ಗೆಲುವನ್ನು ತೋರಿಸಬಲ್ಲದು ಎಂದು ಮೊದಲೇ ಕಣ್ಣಿಂದ ನೋಡಿದ್ದು ಮುಂದೆ ಬಹಳ ಉಪಯೋಗಕ್ಕೆ ಬಂತು. ಪರೀಕ್ಷೆ ಶುರುವಾದ ಐದನೇ ದಿನವೇ ಅಕ್ಕ ಫೋನ್ ಮಾಡಿ, "ಬಿ ಛಲೋ ನಡದೈತಿ, ಅದನ್ನ ಇಟ್ಟಬಿಡೂಣ" ಎಂದಳು. ಈ 71 ಮತ್ತು 92ರ ಕಥೆ ಹೇಳಿ ನಾಲ್ಕು ವಾರ ತಡೆದೆ. ದಿನಾ ನೋಡುತ್ತಾ ಹೋಗಿ, ಮುಂದೆ ಕಂಡ ದಿನವೇ ನಿಲ್ಲಿಸಿದರೆ ಯಾವ ಫೋಟೋವನ್ನು ಬೇಕಾದರೂ ಗೆಲ್ಲಿಸಬಹುದು.

ಎಷ್ಟು ದಿನ ಬೇಕು ಎನ್ನುವುದಕ್ಕೆ ಒಂದು ಒರಟು ಸೂತ್ರವಿದೆ:

```
n = 16 × p × (1 − p) / d²
```

ಇಲ್ಲಿ p ಎಂದರೆ ಈಗಿನ ಕ್ಲಿಕ್ ಪ್ರಮಾಣ, d ಎಂದರೆ ನಾವು ಹಿಡಿಯಬೇಕೆಂದಿರುವ ವ್ಯತ್ಯಾಸ, n ಎಂದರೆ ಎ ಮತ್ತು ಬಿ ಪ್ರತಿಯೊಂದೂ ಎಷ್ಟು ಸಲ ಜನರಿಗೆ ಕಾಣಬೇಕು ಎಂಬುದು. ನಮ್ಮದು ಸುಮಾರು ಶೇ 1.5. ಅದು ಶೇ 2.1ಕ್ಕೆ ಏರಿದರೆ ಗುರುತಿಸಲು ಸುಮಾರು 6,600 ಸಾಕು. ಶೇ 1.8ಕ್ಕೆ ಏರಿದ್ದನ್ನು ಗುರುತಿಸಲು 26,000ಕ್ಕೂ ಹೆಚ್ಚು ಬೇಕು. ವ್ಯತ್ಯಾಸ ಅರ್ಧವಾದರೆ ಬೇಕಾಗುವ ಸಂಖ್ಯೆ ನಾಲ್ಕು ಪಟ್ಟು. ಅಕ್ಕನ ಸೀರೆ ದಿನಕ್ಕೆ ಸುಮಾರು 850 ಸಲ ಕಾಣುತ್ತಿತ್ತು, ನಾಲ್ಕು ವಾರಕ್ಕೆ ಒಟ್ಟು 24,000. ಅಂದರೆ ದೊಡ್ಡ ವ್ಯತ್ಯಾಸ ಇದ್ದರೆ ಮಾತ್ರ ನಮಗೆ ಕಾಣುತ್ತದೆ, ಸಣ್ಣದು ಕಾಣುವುದಿಲ್ಲ. ಆದ್ದರಿಂದ ಒಂದೊಂದು ಪದ ಬದಲಿಸಿ ನೋಡುವ ಆಸೆ ಬಿಟ್ಟು, ಒಂದಕ್ಕೊಂದು ತೀರಾ ಬೇರೆಯಾದ ಎರಡು ಪ್ರಾಂಪ್ಟ್ ಬರೆದೆ. ಎರಡಕ್ಕೂ ಅಕ್ಕ ಕಳಿಸಿದ ಅದೇ ನವಿಲು ಹಸಿರು ಸೀರೆಯ ಫೋಟೋ ಜೊತೆಗೆ ಕೊಟ್ಟೆ.

```
A: the attached sari, folded on a plain wooden cot,
   soft morning daylight, no model
B: the attached sari draped on a woman standing in a
   temple courtyard, golden evening light, festive
```

ಎ ಎಂದರೆ ಮರದ ಮಂಚದ ಮೇಲೆ ಮಡಿಸಿಟ್ಟ ಸೀರೆ, ಬೆಳಗಿನ ಬೆಳಕು. ಬಿ ಎಂದರೆ ಗುಡಿಯ ಅಂಗಳದಲ್ಲಿ ಸೀರೆ ಉಟ್ಟು ನಿಂತ ಹೆಣ್ಣುಮಗಳು, ಸಂಜೆಯ ಹೊಂಬಿಸಿಲು, ಹಬ್ಬದ ಕಳೆ.

ಇಲ್ಲಿ ಬಹಳ ಜನ ಎಡವುವ ಒಂದು ಜಾಗವಿದೆ. ಒಂದೇ ಪ್ರಾಂಪ್ಟನ್ನು ಹತ್ತು ಸಲ ಕೊಟ್ಟರೆ ಹತ್ತು ಬೇರೆ ಚಿತ್ರ ಬರುತ್ತವೆ. ಎಯಿಂದ ಒಂದು ಚಿತ್ರ, ಬಿಯಿಂದ ಒಂದು ಚಿತ್ರ ಇಟ್ಟು ಹೋಲಿಸಿದರೆ ನಾವು ಹೋಲಿಸಿದ್ದು ಆ ಎರಡು ಚಿತ್ರಗಳನ್ನು, ಪ್ರಾಂಪ್ಟುಗಳನ್ನಲ್ಲ. ನಾಳೆ ಇನ್ನೊಂದು ಸೀರೆಗೆ ಅದೇ ಪ್ರಾಂಪ್ಟ್ ಬಳಸುವುದಾದರೆ ಗೊತ್ತಾಗಬೇಕಾದದ್ದು ಪ್ರಾಂಪ್ಟಿನ ಗುಣ. ಅದಕ್ಕೆ ಪ್ರತಿ ಪ್ರಾಂಪ್ಟಿನಿಂದ ಹನ್ನೆರಡು ಚಿತ್ರ ಮಾಡಿಸಿ, ಕೆಟ್ಟವನ್ನು ತೆಗೆದು, ಏಳೇಳು ಉಳಿಸಿಕೊಂಡೆ. ಒಂದೊಂದು ಚಿತ್ರ ನಾಲ್ಕು ವಾರದಲ್ಲಿ ಎರಡೆರಡು ದಿನ ಇರುವಂತೆ ಹಂಚಿದೆ.

ನಾಲ್ಕು ವಾರ ಮುಗಿಯಿತು. ಎ ಮತ್ತು ಬಿ ಎರಡೂ ಸುಮಾರು 12,000 ಸಲ ಕಂಡಿದ್ದವು. ಎಗೆ 180 ಕ್ಲಿಕ್, ಬಿಗೆ 252. ಶೇ 1.5ಕ್ಕೆ ಎದುರಾಗಿ ಶೇ 2.1. ಇದು ಅದೃಷ್ಟದಿಂದ ಬರುವಂಥ ವ್ಯತ್ಯಾಸವಲ್ಲ. ಆದರೆ ಒಳಗೆ ಇಳಿದು ಚಿತ್ರವಾರು ನೋಡಿದರೆ ಕಥೆ ಇನ್ನೊಂದಿತ್ತು. ಎಯ ಏಳು ಚಿತ್ರಗಳಿಗೆ 19ರಿಂದ 33ರವರೆಗೆ ಕ್ಲಿಕ್ ಬಂದಿದ್ದವು, ಬಿಯ ಏಳಕ್ಕೆ 24ರಿಂದ 51ರವರೆಗೆ. ಎಯ ಮೇಲಿನ ಚಿತ್ರ ಬಿಯ ಕೆಳಗಿನ ಚಿತ್ರವನ್ನು ಸೋಲಿಸಿತ್ತು. ಒಂದಕ್ಕೊಂದು ಚಿತ್ರ ಇಟ್ಟು ಆಡಿದ್ದರೆ, ಆ ಎರಡೇ ಸಿಕ್ಕಿಬಿಟ್ಟಿದ್ದರೆ, ಉತ್ತರವೇ ತಲೆಕೆಳಗಾಗುತ್ತಿತ್ತು.

ಆರ್ಡರುಗಳು ಎಗೆ 9, ಬಿಗೆ 13. ಒಂದು ಸೀರೆ 2,400 ರೂಪಾಯಿ. ನೂಲು, ಕೂಲಿ, ಕಮಿಷನ್, ಕೊರಿಯರ್ ಎಲ್ಲ ಕಳೆದು ಮನೆಗೆ ಉಳಿಯುವುದು 500. ಜಾಹೀರಾತಿಗೆ ಒಂದು ಕ್ಲಿಕ್ಕಿಗೆ 6 ರೂಪಾಯಿ. ಒಂದು ಸೀರೆ ವಾಪಸು ಬಂದರೆ ಆ 500 ಹೋಗುವುದಲ್ಲದೆ ಹೋಗಿಬರುವ ಖರ್ಚು 220 ಮೈಮೇಲೆ. ಕೊನೆಯ ದಿನದ ರಾತ್ರಿ ಲೆಕ್ಕ ಹಾಕಿದಾಗ ಬಿಯಲ್ಲಿ ಎರಡು ಸೀರೆ ವಾಪಸಾಗಿದ್ದವು, ಎಯಲ್ಲಿ ಒಂದೂ ಇಲ್ಲ. ಆದರೂ ಎಯಿಂದ 3,420 ರೂಪಾಯಿ, ಬಿಯಿಂದ 3,548. ಬಿ ಕೂದಲೆಳೆಯಷ್ಟು ಮುಂದೆ. ಅಕ್ಕನಿಗೆ ಹೇಳಿದೆ, ಅವಳು ಎಲ್ಲ ಸೀರೆಗೂ ಬಿ ತರಹದ್ದೇ ಮಾಡಿಕೊಡು ಎಂದಳು. ನಾನು ಆ ವಾರವೇ ಇನ್ನೂ ಹತ್ತು ಸೀರೆಗೆ ಚಿತ್ರ ಮಾಡಲು ಕೂತೆ.

ಎಂಟು ದಿನ ಬಿಟ್ಟು ಭಾವ ಫೋನ್ ಮಾಡಿದರು. ಅವರನ್ನು ನಾನು ಮಾಮಾ ಅಂತಲೇ ಕರೆಯುವುದು. ಅವರು ಫೋನ್ ಮಾಡುವುದೇ ಅಪರೂಪ.

"ಸೀರಿ ತಿರುಗಿ ಬರಾಕತ್ತಾವು. ಏನ್ ಫೋಟೋ ಹಾಕೀರಿ ನೀವಿಬ್ರೂ ಕೂಡಿ?"

"ಯಾಕ ಮಾಮಾ, ಏನಂತ ಬರದಾರ್ರಿ?"

"ನೀವ ಓದ್ರಿ. ಒಬ್ಬಾಕಿ ಇದು ಇಳಕಲ್ ಸೀರೀನ ಅಲ್ಲ ಅಂತ ಬರದಾಳ."

ನಾಲ್ಕು ತಲೆಮಾರಿನಿಂದ ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂತ ಮನೆತನಕ್ಕೆ ಹೀಗೆ ಬರೆದಿದ್ದರು. ನಾನು ಏನು ಹೇಳಬೇಕೋ ತಿಳಿಯದೆ ಸುಮ್ಮನಾದೆ.

ವಾಪಸು ಕಳಿಸಲು ಗಿರಾಕಿಗಳಿಗೆ ಗಡುವು ಇರುತ್ತದೆ. ಆ ಗಡುವು ಕಡೆಯ ಆರ್ಡರಿಗೂ ಮುಗಿಯುವವರೆಗೆ ಪರೀಕ್ಷೆ ಮುಗಿದಿಲ್ಲ ಎಂದೇ ಲೆಕ್ಕ. ಎಂಟೆಕ್ ಓದಿದ ನನಗೆ ಇದು ಹೊಳೆಯಲಿಲ್ಲ. ಗಡುವು ದಾಟಿದ ಮೇಲೆ ಎಯಲ್ಲಿ ಒಂದು ಸೀರೆ ವಾಪಸಾಗಿತ್ತು, ಬಿಯಲ್ಲಿ ಆರು. ಮತ್ತೆ ಲೆಕ್ಕ ಹಾಕಿದೆ. ಎ: ಎಂಟು ಸೀರೆಯ 4,000ದಲ್ಲಿ ಜಾಹೀರಾತಿನ 1,080, ವಾಪಸಿನ 220 ಕಳೆದರೆ 2,700. ಬಿ: ಏಳು ಸೀರೆಯ 3,500ರಲ್ಲಿ ಜಾಹೀರಾತಿನ 1,512, ವಾಪಸಿನ 1,320 ಕಳೆದರೆ 668. ವಾಪಸು ಬಂದ ಒಂದು ಸೀರೆಗೆ ಫಾಲ್ ಹಚ್ಚಿ ಬಿಚ್ಚಿದ ಸೂಜಿಯ ಗುರುತಿತ್ತು. ಅದರ ನಷ್ಟ ಈ ಲೆಕ್ಕದಲ್ಲಿ ಇಲ್ಲ.

ಒಂಬತ್ತರಲ್ಲಿ ಒಂದು, ಹದಿಮೂರರಲ್ಲಿ ಆರು. ಇಷ್ಟು ಸಣ್ಣ ಸಂಖ್ಯೆಯಿಂದ ಗಟ್ಟಿಯಾಗಿ ಏನನ್ನೂ ಹೇಳಲಾಗದು. ಎರಡೂ ಫೋಟೋಗಳಲ್ಲಿ ವಾಪಸಿನ ಪ್ರಮಾಣ ಒಂದೇ ಇದ್ದಿದ್ದರೂ ಹತ್ತರಲ್ಲಿ ಒಂದು ಸಲ ಎ ಕಡೆಗೆ ಇಷ್ಟು ಅನುಕೂಲವಾಗಿ ಬೀಳಬಹುದು. ಆರ್ಡರುಗಳ ಕಥೆ ಇನ್ನೂ ಕಷ್ಟ. ಆರ್ಡರಿನ ಪ್ರಮಾಣ ಶೇ 30ರಷ್ಟು ಏರಿದ್ದನ್ನು ಅದೇ ಸೂತ್ರದಿಂದ ಹಿಡಿಯಬೇಕೆಂದರೆ ಎ ಮತ್ತು ಬಿ ಒಂದೊಂದೂ ಸುಮಾರು 2,37,000 ಸಲ ಕಾಣಬೇಕು. ಅಕ್ಕನ ಅಂಗಡಿಯ ವೇಗದಲ್ಲಿ ಅದಕ್ಕೆ ಒಂದೂವರೆ ವರ್ಷ ಬೇಕು. ಆಫೀಸಿನಲ್ಲಿ ಲಕ್ಷಗಟ್ಟಲೆ ಜನ ಬರುವ ಪುಟದ ಮೇಲೆ ಕಲಿತ ಪದ್ಧತಿ ನಾಲ್ಕು ಮಗ್ಗದ ಮನೆಗೆ ಬಂದಾಗ ಕ್ಲಿಕ್ಕಿನವರೆಗೆ ಮಾತ್ರ ನಡೆಯುತ್ತದೆ. ಅದರಾಚೆಗೆ ಸಂಖ್ಯೆ ಸಾಲುವುದಿಲ್ಲ. ಸಂಖ್ಯೆ ಸಾಲದ ಕಡೆ ಒಂದೊಂದು ವಾಪಸನ್ನೂ ಕೂತು ಓದುವುದೇ ದಾರಿ.

ಓದಿದೆ. ಎಯ ಒಬ್ಬರು 'ಬೇಡವಾಯಿತು' ಎಂದಷ್ಟೇ ಬರೆದಿದ್ದರು. ಬಿಯ ಆರರಲ್ಲಿ ನಾಲ್ವರು ಫೋಟೋದಲ್ಲಿ ಇದ್ದ ಹಾಗಿಲ್ಲ ಎಂದಿದ್ದರು. ಇಬ್ಬರಿಗೆ ಬಣ್ಣ ಬೇರೆ ಕಂಡಿತ್ತು, ಒಬ್ಬರಿಗೆ ಜರಿ ಎಲ್ಲಿ ಹೋಯಿತು ಎಂಬ ಪ್ರಶ್ನೆ, ಇನ್ನೊಬ್ಬರೇ ಇದು ಇಳಕಲ್ ಅಲ್ಲ ಎಂದವರು. ಐದನೆಯವರು ಮೈಯೆಲ್ಲ ರೇಷ್ಮೆ ಎಂದುಕೊಂಡು ತರಿಸಿದ್ದರು. ಆರನೆಯವರು ಕಾರಣ ಬರೆದಿರಲಿಲ್ಲ.

ಆ ಶನಿವಾರ ಪುಣೆಯಿಂದ ಬಸ್ ಹತ್ತಿ ಇಳಕಲ್ಲಿಗೆ ಹೋದೆ. ಅಕ್ಕ ಆ ನವಿಲು ಹಸಿರು ಸೀರೆಯನ್ನು ಪಡಸಾಲೆಯಲ್ಲಿ ಹಾಸಿದಳು. ಪಕ್ಕದಲ್ಲಿ ಲ್ಯಾಪ್‌ಟಾಪ್ ಇಟ್ಟು ಬಿಯ ಏಳು ಚಿತ್ರಗಳನ್ನು ಒಂದೊಂದಾಗಿ ದೊಡ್ಡದು ಮಾಡಿ ತೋರಿಸಿದೆ. ಅಕ್ಕ ಮುಖವನ್ನಾಗಲೀ ಗುಡಿಯನ್ನಾಗಲೀ ನೋಡಲಿಲ್ಲ, ಸೀದಾ ಸೆರಗಿಗೆ ಬೆರಳು ಇಟ್ಟಳು.

"ಎಣಿಸು ತಮ್ಮಾ. ಕೆಂಪು ಮೂರು, ನಡುವ ಬಿಳಿ ಎರಡು. ಇದರಾಗ ಕೆಂಪು ನಾಕ ಅದಾವು. ಇದರಾಗ ಬಿಳೀನ ಇಲ್ಲ. ಇದು ತೋಪತೆನಿ ಸೆರಗ ಅಲ್ಲೋ."

ಇಳಕಲ್ ಸೀರೆಯ ಗುರುತೇ ಆ ಸೆರಗು. ಮೈಯ ಹಾಸು ಬೇರೆ, ಸೆರಗಿನ ಹಾಸು ಬೇರೆ. ಮೈ ಹತ್ತಿಯದಾದರೂ ಸೆರಗಿಗೆ ಕೆಂಪು ರೇಷ್ಮೆ ಇರುತ್ತದೆ, ಎರಡೂ ಹಾಸನ್ನು ಎಳೆಗೆ ಎಳೆ ಕೊಂಡಿ ಹಾಕಿ ಜೋಡಿಸಿ ನೇಯುತ್ತಾರೆ. ಕೆಂಪಿನ ನಡುವಿನ ಬಿಳಿಯಲ್ಲಿ ಜೋಳದ ತೆನೆ, ಹಣಿಗೆ, ಕೋಟೆಯ ತೆನೆಗಳಂಥ ಆಕಾರಗಳು ಬರುತ್ತವೆ. ಚಿತ್ರ ಮಾಡುವ ಯಂತ್ರಕ್ಕೆ ಇದು ಎಣಿಕೆಯ ವಿಷಯ ಅಲ್ಲ. ಅದು ನಾವು ಕೊಟ್ಟ ಫೋಟೋವನ್ನು ನೋಡಿ ಹೊಸದಾಗಿ ಬಿಡಿಸುತ್ತದೆ, ಅಂಟಿಸುವುದಿಲ್ಲ. ಬಣ್ಣ, ಅಂಚು, ಒಟ್ಟು ನೋಟ ಉಳಿಯುತ್ತದೆ, ಪಟ್ಟಿಗಳ ಲೆಕ್ಕ ಉಳಿಯುವುದಿಲ್ಲ. ಅದರ ಮೇಲೆ ನಾನು ಹಬ್ಬ, ಹೊಂಬಿಸಿಲು, ಗುಡಿ ಎಂದು ಬರೆದಿದ್ದೆ. ಆ ಮಾತುಗಳು ಸೀರೆಯನ್ನೇ ಮದುವೆಮನೆಯ ಜರಿ ಸೀರೆಯ ಕಡೆಗೆ ಎಳೆದಿದ್ದವು. ಹತ್ತಿಯ ಮೈಗೆ ಸ್ಯಾಟಿನ್ ಹೊಳಪು ಬಂದಿತ್ತು. ಸಂಜೆಯ ಹಳದಿ ಬೆಳಕು ನವಿಲು ಹಸಿರನ್ನು ಗಿಳಿ ಹಸಿರಿನ ಹತ್ತಿರ ತಂದಿತ್ತು.

ಏಳರಲ್ಲಿ ಒಂದೇ ಚಿತ್ರದ ಸೆರಗು ಸರಿಯಿತ್ತು. ಎಯ ಏಳರಲ್ಲಿ ಐದು ಸರಿಯಿದ್ದವು. ಮಡಿಸಿಟ್ಟ ಸೀರೆಯಲ್ಲಿ ಯಂತ್ರ ಹೊಸದಾಗಿ ಬಿಡಿಸಬೇಕಾದದ್ದು ಕಡಿಮೆ. ಅತಿ ಹೆಚ್ಚು ಕ್ಲಿಕ್ ತಂದ ಆ 51ರ ಚಿತ್ರದಲ್ಲೇ ಜರಿಯೂ ಹೊಳಪೂ ಎಲ್ಲಕ್ಕಿಂತ ಹೆಚ್ಚಿತ್ತು. ಜನ ಕ್ಲಿಕ್ ಮಾಡಿದ್ದು ನಮ್ಮ ಬಳಿ ಇಲ್ಲದ ಸೀರೆಗೆ.

ನನ್ನನ್ನು ಹೆಚ್ಚು ಕಾಡಿದ್ದು ಬೇರೆ. ಹನ್ನೆರಡರಿಂದ ಏಳು ಆರಿಸುವಾಗ ನಾನೂ ಒಂದು ಗಂಟೆ ಚಿತ್ರಗಳನ್ನು ದೊಡ್ಡದು ಮಾಡಿ ನೋಡಿದ್ದೆ. ಬೆರಳು ಐದಿವೆಯೇ, ಕಣ್ಣು ಸರಿಯಿದೆಯೇ, ಕಂಬ ನೆಟ್ಟಗಿದೆಯೇ ಎಂದು. ಸೀರೆಯನ್ನು ಮಾತ್ರ ನೋಡಿರಲಿಲ್ಲ. ನಮ್ಮಮ್ಮ ಜೀವಮಾನವೆಲ್ಲ ಉಟ್ಟ ಸೀರೆಯದು. ಅದರ ಸೆರಗಿನಲ್ಲಿ ಎಷ್ಟು ಪಟ್ಟಿ ಎಂದು ನನಗೆ ಗೊತ್ತಿರಲಿಲ್ಲ.

ಅಕ್ಕ ಮೂರನೆಯ ಬಗೆಯೊಂದಕ್ಕೆ ಒಪ್ಪಿದಳು, ಸಿ ಎನ್ನೋಣ. ಅವಳ ಮಗಳು ಅದೇ ಸೀರೆ ಉಟ್ಟು ಸುಣ್ಣದ ಗೋಡೆಯ ಮುಂದೆ ನಿಂತಳು. ಬೆಳಗಿನ ಒಂಬತ್ತಕ್ಕೆ, ನೆರಳಿನಲ್ಲಿ, ಫೋನಿನಿಂದ ನಾನೇ ಫೋಟೋ ತೆಗೆದೆ. ಆಮೇಲೆ ಅವಳನ್ನೂ ಸೀರೆಯನ್ನೂ ಮುಚ್ಚುವಂತೆ ಮಾಸ್ಕ್ ಹಾಕಿ, ಉಳಿದ ಜಾಗವನ್ನಷ್ಟೇ ಪ್ರಾಂಪ್ಟಿಗೆ ಬಿಟ್ಟೆ. ಕೆಲವು ಸಾಧನಗಳು ಮಾಸ್ಕ್ ಹಾಕಿದರೂ ಪೂರ್ತಿ ಚಿತ್ರವನ್ನು ಮತ್ತೆ ಬಿಡಿಸಿಬಿಡುತ್ತವೆ. ಹಾಗಾಗಿ ಹೊಸ ಹಿನ್ನೆಲೆಯ ಮೇಲೆ ಮೂಲ ಫೋಟೋದಿಂದ ಕತ್ತರಿಸಿದ ಸೀರೆಯನ್ನೇ ಮತ್ತೆ ಕೂರಿಸಿದೆ. ಪ್ರಾಂಪ್ಟಿನಲ್ಲಿ ಹೊಂಬಿಸಿಲು ಇಲ್ಲ, ಹಬ್ಬ ಇಲ್ಲ, ಕಲ್ಲಿನ ಅಂಗಳ ಮತ್ತು ನೆರಳಿನ ಬೆಳಕು ಮಾತ್ರ. ಚಿತ್ರ ಮಾರುಕಟ್ಟೆಗೆ ಹೋಗುವ ಮೊದಲು ಅಕ್ಕ ಸೀರೆಯನ್ನು ಪಕ್ಕದಲ್ಲಿ ಹಾಸಿಕೊಂಡು ನಾಲ್ಕು ವಿಷಯ ನೋಡುತ್ತಾಳೆ: ಸೆರಗಿನ ಪಟ್ಟಿಯ ಲೆಕ್ಕ, ಅಂಚಿನ ಅಗಲ, ಇಲ್ಲದ ಜರಿ, ಮೈಯ ಬಣ್ಣ. ಒಂದು ತಪ್ಪಿದರೂ ಆ ಚಿತ್ರ ಪರೀಕ್ಷೆಗೇ ಬರುವುದಿಲ್ಲ.

ಮತ್ತೆ ನಾಲ್ಕು ವಾರ, ಈ ಸಲ ಎ ಮತ್ತು ಸಿ. ಅದೇ 12,000ದ ಆಸುಪಾಸು. ಎಗೆ 183 ಕ್ಲಿಕ್, ಸಿಗೆ 216. ಸಿ ಮುಂದಿದೆ, ಆದರೆ ಅದೃಷ್ಟದಿಂದಲೂ ಬರಬಹುದಾದ ವ್ಯತ್ಯಾಸ ಅದು. ಸಿ ಗೆದ್ದಿತು ಎಂದು ನಾನು ಹೇಳಲಾರೆ. ಗಡುವು ದಾಟಿದ ಮೇಲೆ ಸಿಯ ಹನ್ನೊಂದು ಆರ್ಡರಿನಲ್ಲಿ ವಾಪಸು ಬಂದದ್ದು ಒಂದು, ಕಾರಣ 'ತಪ್ಪಿ ಎರಡು ಆರ್ಡರ್ ಮಾಡಿದ್ದೆ'. ಫೋಟೋದ ಹಾಗಿಲ್ಲ ಎಂದವರು ಒಬ್ಬರೂ ಇಲ್ಲ. ಈಗ ಸಿಯನ್ನೇ ಇಟ್ಟಿದ್ದೇವೆ. ಅದು ಎಗಿಂತ ಕೆಟ್ಟದ್ದಲ್ಲ ಎನ್ನುವಷ್ಟು ನಂಬಿಕೆ ನನಗಿದೆ. ಅಕ್ಕನ ಮಗಳಿಗಂತೂ ತನ್ನ ಫೋಟೋ ಇರುವುದೇ ಖುಷಿ.

ಇಲ್ಲಿಂದ ಮುಂದಿನ ಪರೀಕ್ಷೆಗೆಂದು ಒಂದು ಎಕ್ಸೆಲ್ ಹಾಳೆ ಮಾಡಿ ಕಳಿಸಿದ್ದೆ. ಕಾಲಂಗಳು ಹೀಗಿದ್ದವು: ಕಂಡದ್ದು, ಕ್ಲಿಕ್, ಆರ್ಡರ್, ವಾಪಸು. ಮೊನ್ನೆ ತೆರೆದು ನೋಡಿದರೆ ಕೊನೆಗೆ ಒಂದು ಕಾಲಂ ಹೆಚ್ಚಿಗೆ ಇತ್ತು. ಭಾವ ಹೇಳಿ ಮಗಳ ಕೈಲಿ ಹಾಕಿಸಿದ್ದು: 'ಗಿರಾಕಿ ಮನ್ಯಾಗ ಉಳದ ಸೀರಿ'. ಗೆದ್ದದ್ದು ಯಾವುದು ಎಂದು ನಾವು ಈಗ ಆ ಕಾಲಂ ನೋಡಿಯೇ ಹೇಳುತ್ತೇವೆ. ಅದು ತುಂಬಲು ತಡವಾಗುತ್ತದೆ, ಕಾಯುತ್ತೇವೆ.